ಮೂಲೆ ಕೇಳಿದ ಅರ್ಜಿ

ನನ್ನದು ಸುಮ್ಮನಿರುವ ಬಾಯಲ್ಲ. ಹಲಸೂರಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಸ್ಟಾಪಿನಲ್ಲಿ ನಿಲ್ಲಿಸದೆ ಮುಂದೆ ಹೋದ ಬಸ್ಸಿನ ಕಂಡಕ್ಟರ್ ಜೊತೆ, ಕೊಳೆತ ಟೊಮೇಟೊವನ್ನು ಅಡಿಯಲ್ಲಿ ಹಾಕಿ ತೂಗುವ ಮಾರ್ಕೆಟ್ಟಿನವಳ ಜೊತೆ, ಮನೆ ಮುಂದೆ ಸೈಕಲ್ ಒರಗಿಸಿ ಹರಟೆ ಹೊಡೆಯುವವರ ಜೊತೆ ನಾನು ಜಗಳಕ್ಕೆ ನಿಂತರೆ ನಮ್ಮಪ್ಪ ಒಳಗಿನಿಂದಲೇ, "ಸಾಕು ಬಾಮ್ಮ, ಅವರೂ ಮನುಷ್ಯರೇ" ಅನ್ನುತ್ತಿದ್ದರು. ಇಂಥ ನಾನು ಜೀವನದಲ್ಲಿ ಒಂದೇ ಒಂದು ಸಲ, ಬಾಯಿ ಬಿಡಲೇಬೇಕಾದ ಹೊತ್ತಿನಲ್ಲಿ, ಆರು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಏಳನೇ ದಿನ ಬೀಗ ತೆಗೆದೆ. ತೆಗೆಯಬಾರದಾಗಿದ್ದದ್ದು ಅವತ್ತೇ.

ಆಗ ನಾನು ಕೆ.ಆರ್. ಪುರದ ದಾರಿಯಲ್ಲಿದ್ದ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್. ಅಳತೆಯ ಸಲಕರಣೆಗಳನ್ನು ಮಾಡುತ್ತಿದ್ದರು. ನನ್ನ ಮೇಜು ನಕ್ಷೆ ಶಾಖೆಯಲ್ಲಿತ್ತು. ಬಾಗಿಲ ಮೇಲೆ ಹಸಿರು ಬಣ್ಣದ ಹಲಗೆಯಲ್ಲಿ ಕನ್ನಡದಲ್ಲೇ ಹಾಗಂತ ಬರೆಸಿದ್ದರು. ಲೆಕ್ಕದವರದ್ದು ಲೆಕ್ಕ ಶಾಖೆ, ಸರಕಿನವರದ್ದು ಉಗ್ರಾಣ ಶಾಖೆ, ನಮ್ಮದು ನಕ್ಷೆ ಶಾಖೆ. ಬೆಳಗ್ಗೆ ಹಲಸೂರಿನಲ್ಲಿ ಕಾರ್ಖಾನೆ ಬಸ್ಸು ಹತ್ತುತ್ತಿದ್ದೆ. ಮೊದಲೆಲ್ಲ ಆ ಬಸ್ಸಿನೊಳಗೆ ಸಂತೆ. ತಮಿಳು, ಕನ್ನಡ, ದಖನಿ, ತೆಲುಗು ಎಲ್ಲವೂ ಒಟ್ಟಿಗೆ, ಯಾರ ಮಾತು ಯಾರಿಗೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ತುರ್ತು ಪರಿಸ್ಥಿತಿ ಬಂದ ವರ್ಷ ಮಾತ್ರ ಆ ಬಸ್ಸು ಸಪ್ಪಗಾಯಿತು. ಮುಂದಿನ ಸೀಟಿನಲ್ಲಿ ಕೂತು ಪೇಪರನ್ನು ಜೋರಾಗಿ ಓದಿ ಹೇಳುತ್ತಿದ್ದ ಫಿಟ್ಟರ್ ಒಬ್ಬರು ಪೇಪರ್ ತರುವುದನ್ನೇ ಬಿಟ್ಟರು. ಯಾಕೆ ಅಂತ ಯಾರೂ ಕೇಳಲಿಲ್ಲ.

ಗೇಟಿನ ಒಳಗೆ, ಮಾತು ಕಡಿಮೆ ಮಾಡಿ ಕೆಲಸ ಜಾಸ್ತಿ ಮಾಡಿ ಅನ್ನುವ ಅರ್ಥದ ದೊಡ್ಡ ಬೋರ್ಡು ಬಂತು. ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ನಾಲ್ಕೈದು ಜನ ನಿಂತರೆ ಕಾವಲಿನವರು ಬಂದು, "ಏನ್ ಸಮಾಚಾರ" ಅಂತ ನಗುತ್ತಲೇ ಕೇಳುತ್ತಿದ್ದರು. ಆ ನಗು ಕಂಡ ತಕ್ಷಣ ಗುಂಪು ಕರಗುತ್ತಿತ್ತು. ಕೆಲವು ಸಂಘಗಳನ್ನು ನಿಷೇಧಿಸಿದ್ದರು. ಯಾವ ಸಂಘದಲ್ಲಿ ಯಾರಿದ್ದರು, ಯಾರನ್ನು ಯಾವಾಗ ಕರೆದುಕೊಂಡು ಹೋದರು ಅನ್ನುವುದು ಪಿಸುಮಾತಿನಲ್ಲಿ ಬರುತ್ತಿತ್ತು, ಪಿಸುಮಾತಿನಲ್ಲೇ ಹೋಗುತ್ತಿತ್ತು.

ನಮ್ಮ ಶಾಖೆಯಲ್ಲಿ ಒಬ್ಬ ಟ್ರೇಸರ್ ಇದ್ದರು. ಮೂವತ್ತರ ಹತ್ತಿರದ ವಯಸ್ಸು, ಅವರದೂ ಹಲಸೂರೇ. ಡ್ರಾಫ್ಟ್ಸ್‌ಮನ್ ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಇಂಕಿನಲ್ಲಿ ಗೆರೆ ಗೆರೆಯನ್ನೂ ತಿದ್ದಿ ತೆಗೆಯುವುದು ಅವರ ಕೆಲಸ. ದಿನಕ್ಕೆ ಎಂಟು ಗಂಟೆ ಹಲಗೆಯ ಮೇಲೆ ಬಾಗಿರಬೇಕು, ಉಸಿರು ಜೋರಾಗಿ ಬಿಟ್ಟರೂ ಗೆರೆ ಕೆಡುತ್ತದೆ. ಮೂರು ವರ್ಷದಿಂದ ಟೆಂಪರರಿ. ಮದುವೆಯಾಗಿ ವರ್ಷ ಕಳೆದಿದ್ದರೂ ಹೆಂಡತಿ ಇನ್ನೂ ಕೋಲಾರದ ಕಡೆ ತವರಿನಲ್ಲೇ ಇದ್ದಳು. ಕೆಲಸ ಪರ್ಮನೆಂಟ್ ಆದ ಕಾಗದ ತೋರಿಸಿ ಮಗಳನ್ನು ಕರೆದುಕೊಂಡು ಹೋಗಿ ಅಂತ ಮಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ. ಆ ಕಾಗದ ಅದೇ ತಿಂಗಳು ಬರುವುದಿತ್ತು. ಪಟ್ಟಿಯಲ್ಲಿ ಅವರ ಹೆಸರಿರುವುದನ್ನು ನಾನೇ ಟೈಪು ಮಾಡಿದ್ದೆ. ಗುಟ್ಟಾಗಿ ಅವರಿಗೆ ಹೇಳಿಯೂ ಇದ್ದೆ. ಅವತ್ತು ಅವರು ಇಂಕು ಚೆಲ್ಲಿಕೊಂಡು, ಒಂದು ಹಾಳೆ ಪೂರ್ತಿ ಹಾಳು ಮಾಡಿ, ಬೈಸಿಕೊಂಡು ನಗುತ್ತಿದ್ದರು.

ಚಿಕ್ಕಂದಿನಲ್ಲಿ ಅವರು ಗರಡಿ ಮನೆಗೆ ಹೋಗಿದ್ದವರು. ನಮ್ಮ ಶಾಖೆಯ ಅರ್ಧಕ್ಕರ್ಧ ಜನ ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಿ ಅವರಿಗೆ ಸಂಕಟ. ನನಗೂ ಟೈಪು ಹೊಡೆದು ಹೊಡೆದು ಕತ್ತು ಕಟ್ಟಿಗೆಯಾಗಿತ್ತು. ಒಂದು ದಿನ ಬಸ್ಸಿಗೆ ಕಾಯುವಾಗ, ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ, ಐದು ಎಣಿಸಿ, ಬಿಡಿ, ಆಮೇಲೆ ಕಿವಿಯನ್ನು ಭುಜದ ಕಡೆ ನಿಧಾನ ಬಾಗಿಸಿ ಅಂತ ಹೇಳಿಕೊಟ್ಟರು. ಬಸ್ ಸ್ಟಾಪಿನಲ್ಲಿ ಹಾಗೆ ಕತ್ತು ಆಡಿಸುತ್ತಾ ನಿಂತ ನನ್ನನ್ನು ಜನ ಎಂಥವಳು ಅಂದುಕೊಂಡರೋ ಏನೋ, ನಾಲ್ಕೇ ದಿನದಲ್ಲಿ ನೋವು ಮಾತ್ರ ಇಳಿಯಿತು.

ಆಮೇಲೆ ಅವರ ತಲೆಗೆ ಆ ಅರ್ಜಿ ಬಂತು. ಪ್ರಿಂಟ್ ತೆಗೆಯುವ ಕೋಣೆಯ ಪಕ್ಕ ಹಳೆಯ ಮುರಿದ ಹಲಗೆಗಳನ್ನು ರಾಶಿ ಹಾಕಿದ ಒಂದು ಮೂಲೆ ಇತ್ತು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಅದನ್ನು ತೆರವು ಮಾಡಿ ವ್ಯಾಯಾಮಕ್ಕೆ ಬಿಟ್ಟುಕೊಡಿ ಅಂತ ಆಡಳಿತಕ್ಕೆ ಕೇಳುವುದು. ನೆಲಕ್ಕೆ ಎರಡು ತೆಂಗಿನ ನಾರಿನ ಚಾಪೆ, ಗೋಡೆಗೆ ಹಿಡಿದು ನೇತಾಡಲು ಒಂದು ಕಂಬಿ, ಅಷ್ಟೇ. ಗರಡಿಯ ಎರಡು ಡಂಬೆಲ್ಸ್ ತಾವೇ ತರುತ್ತಾರೆ. ಊಟದ ವಿರಾಮ ಹನ್ನೆರಡೂವರೆಯಿಂದ ಒಂದೂಕಾಲು. ಊಟಕ್ಕೆ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಇಪ್ಪತ್ತು ನಿಮಿಷ ಎಲ್ಲರೂ ಸೇರಿ ಕತ್ತು, ಭುಜ, ಸೊಂಟದ ವ್ಯಾಯಾಮ. ಹೆಂಗಸರಿಗೆ ಮಂಗಳವಾರ, ಶುಕ್ರವಾರ ಬೇರೆಯಾಗಿ. ಕೆಲಸದ ವೇಳೆಯ ಒಂದು ನಿಮಿಷವನ್ನೂ ಮುಟ್ಟುವುದಿಲ್ಲ, ಸದ್ದು ಮಾಡುವುದಿಲ್ಲ, ಪ್ರಥಮ ಚಿಕಿತ್ಸೆ ಕಲಿತ ಒಬ್ಬರು ಜೊತೆಗಿರುತ್ತಾರೆ, ಡಿಸ್ಪೆನ್ಸರಿ ಡಾಕ್ಟರು ಬಂದು ಪರೀಕ್ಷಿಸಬಹುದು, ಒಂದು ತಿಂಗಳು ನೋಡಿ ಬೇಡ ಅನ್ನಿಸಿದರೆ ನಿಲ್ಲಿಸಬಹುದು ಅಂತೆಲ್ಲ ಬರೆದಿದ್ದರು. ಒಳ್ಳೆ ಅರ್ಜಿ ಅದು. ನಾನು ಟೈಪು ಮಾಡಿದ ಸಾವಿರ ಕಾಗದಗಳಲ್ಲಿ, ಬೇಡುವವನು ತನಗೆ ಅಂತ ಏನನ್ನೂ ಬೇಡದೇ ಇದ್ದದ್ದು ಅದೊಂದೇ ಅಂತ ಈಗಲೂ ಹೇಳುತ್ತೇನೆ.

ಟ್ರೇಸರ್ ಅಲ್ಲವೇ, ಬರಿ ಬರೆದು ಬಿಡುವವರಲ್ಲ. ಆ ಮೂಲೆಯ ನಕ್ಷೆಯನ್ನು ಅಳತೆಗೆ ಸರಿಯಾಗಿ ಇಂಕಿನಲ್ಲಿ ಬರೆದು ಲಗತ್ತಿಸಿದರು. ಎಲ್ಲೆಲ್ಲಿ ಯಾರು ನಿಂತರೆ ಕೈ ತಗಲುವುದಿಲ್ಲ ಅಂತ ತೋರಿಸಲು ಚುಕ್ಕೆ ಇಟ್ಟರು. ಮೂರು ಸಾಲು, ಎದುರಿಗೆ ಒಂದು ಚುಕ್ಕೆ. ಕೆಳಗೆ ಹನ್ನೊಂದು ಜನರ ಸಹಿ. ನಾಲ್ಕನೇ ಸಹಿ ಪ್ರಿಂಟ್ ಮೆಷಿನ್ನಿನ ಚಾಚಾ ಅವರದ್ದು. ಶಿವಾಜಿನಗರದವರು, ಇಡೀ ಕಾರ್ಖಾನೆಗೇ ಚಾಚಾ. ನಕ್ಷೆಯ ಪ್ರಿಂಟಿಗೆ ಬಳಸುವ ಅಮೋನಿಯಾದ ವಾಸನೆಯಲ್ಲಿ ಇಪ್ಪತ್ತು ವರ್ಷ ನಿಂತು ಅವರ ಮಂಡಿ ಸವೆದಿತ್ತು. "ಬೇಟಾ, ನಂಗೆ ಕೂತ್ಕೊಂಡು ಮಾಡೋ ಕಸರತ್ ಇಟ್ಟಿರು" ಅಂದು ಉರ್ದುವಿನಲ್ಲಿ ಸಹಿ ಹಾಕಿದರು.

ಅರ್ಜಿ ಕನ್ನಡದಲ್ಲಿತ್ತು. ಅವರು ಓದಿದ್ದು ಕನ್ನಡದಲ್ಲೇ. ಆದರೆ ಆಡಳಿತಾಧಿಕಾರಿ ಉತ್ತರದ ಕಡೆಯವರು, ಬಂದು ಆರು ತಿಂಗಳಾಗಿತ್ತು, ಕನ್ನಡ ಬಾರದು. ನಮ್ಮ ಶಾಖಾಧಿಕಾರಿ ಓದಿ, ಚೆನ್ನಾಗಿದೆಯಪ್ಪ, ಇಂಗ್ಲಿಷಿನಲ್ಲಿ ಮಾಡಿಸಿಕೊಂಡು ಬಾ, ಶಿಫಾರಸು ಬರೆದು ಮೇಲೆ ಕಳಿಸುತ್ತೇನೆ ಅಂದರು. ಮಾಡಿದವಳು ನಾನು.

ಇಲ್ಲೇ ಇರುವುದು ನನ್ನ ಬುದ್ಧಿವಂತಿಕೆ. ತಮ್ಮ ಗುಂಪಿಗೆ ಅವರು 'ನಕ್ಷೆ ಶಾಖೆ ವ್ಯಾಯಾಮ ಕೂಟ' ಅಂತ ಹೆಸರಿಟ್ಟಿದ್ದರು. ಹೆಸರನ್ನು ಯಾರಾದರೂ ಭಾಷಾಂತರ ಮಾಡುತ್ತಾರೆಯೇ? ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಆದರೆ ಅಷ್ಟುದ್ದದ ಹೆಸರು ಆ ಎರಡು ಪುಟದಲ್ಲಿ ಹದಿನಾಲ್ಕು ಕಡೆ ಬರುತ್ತಿತ್ತು. ವಕೀಲರ ನೋಟಿಸುಗಳನ್ನು ಟೈಪು ಮಾಡಿ ಒಂದು ಉಪಾಯ ಕಲಿತಿದ್ದೆ. ಮೊದಲ ಸಲ ಹೆಸರು ಪೂರ್ತಿ ಹೊಡೆದು, ಇನ್ನು ಮುಂದೆ ಇದನ್ನು ಹೀಗೆ ಕರೆಯಲಾಗುವುದು ಅಂತ ಒಂದು ಚಿಕ್ಕ ಹೆಸರು ಕೊಟ್ಟುಬಿಡುವುದು. ಚಿಕ್ಕ ಹೆಸರು ಯಾವುದು? ಕನ್ನಡದಲ್ಲಿ ಅವರು 'ನಮ್ಮ ಕೂಟ' ಅಂತ ಬರೆದಿದ್ದರು. ಕೂಟ ಅಂತ ಇಂಗ್ಲಿಷಿನಲ್ಲಿ ಹೊಡೆದು ನೋಡಿದೆ, ನನಗೇ ನಗು ಬಂತು. ಆ ಉತ್ತರದ ಮನುಷ್ಯ ಅದನ್ನು ಕುತ್ತಾ ಅಂತ ಓದುತ್ತಾನೆ, ಹಿಂದಿಯಲ್ಲಿ ನಾಯಿ ಅಂತ. ಹದಿನಾಲ್ಕು ಕಡೆ ನಾಯಿ. ಚಾಚಾಗೂ ಟ್ರೇಸರಿಗೂ ಇದನ್ನು ಹೇಳಿ ಮೂವರೂ ಬಿದ್ದು ಬಿದ್ದು ನಕ್ಕೆವು. ಕೂಟವನ್ನು ಬಿಟ್ಟು ಉಳಿದದ್ದನ್ನು ಹಿಡಿದೆ. ಹೆಸರಿನಲ್ಲಿದ್ದ ಶಾಖೆಯನ್ನು, ಹಿಂದಿಯವರಿಗೆ ತಿಳಿಯಲಿ ಅಂತ, ಶಾಖಾ ಅಂತ ಹೊಡೆದೆ. ಶಾಖಾ ಪ್ರತಿದಿನ ಹನ್ನೆರಡೂ ಮೂವತ್ತಕ್ಕೆ ಸೇರುತ್ತದೆ. ಶಾಖಾದ ಸದಸ್ಯರು ಮೂರು ಸಾಲಿನಲ್ಲಿ ನಿಲ್ಲುತ್ತಾರೆ. ಶಾಖಾಕ್ಕೆ ಒಬ್ಬ ಮುಂದಾಳು ಇರುತ್ತಾನೆ.

ನಮಗೆ ಶಾಖೆ ಅಂದರೆ ಬಾಗಿಲ ಮೇಲಿನ ಹಸಿರು ಹಲಗೆ. ಆ ಕಾಲದಲ್ಲಿ ಉತ್ತರದ ಒಬ್ಬ ಅಧಿಕಾರಿಗೆ, ವ್ಯಾಯಾಮ, ಸಾಲು, ಮುಂದಾಳು ಅನ್ನುವ ಮಾತುಗಳ ನಡುವೆ ಆ ಪದ ಕಂಡರೆ ಏನು ಅನ್ನಿಸುತ್ತದೆ? ನಿಷೇಧವಾಗಿದ್ದ ಒಂದು ಸಂಘದವರು ಬಯಲಿನಲ್ಲಿ ಸಾಲಾಗಿ ನಿಂತು ಮಾಡುವ ಕಸರತ್ತಿಗೆ ಇದ್ದ ಹೆಸರೇ ಅದು. ನಾಯಿಯನ್ನು ಕಂಡವಳ ಕಣ್ಣಿಗೆ ಅದು ಕಾಣಲಿಲ್ಲ. ಟೈಪು ಮುಗಿಸಿ ಟ್ರೇಸರ್ ಕೈಗೆ ಕೊಟ್ಟು, ಓದಿ ನೋಡಿ ಅಂದೆ. ಅವರು ಎರಡೂ ಪುಟದ ಮೇಲೆ ಕಣ್ಣಾಡಿಸಿ, "ನೀವು ಮಾಡಿದ್ಮೇಲೆ ನೋಡೋದೇನಿದೆ ಮೇಡಂ" ಅಂದು ಸಹಿ ಹಾಕಿದರು. ಅವರಿಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ, ಬರುವುದಿಲ್ಲ ಅಂತ ನನ್ನ ಮುಂದೆ ಹೇಳಿಕೊಳ್ಳಲು ಸಂಕೋಚ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾಗದ ತೆಗೆದುಕೊಂಡೆ.

ಶಾಖಾಧಿಕಾರಿ ಶಿಫಾರಸು ಬರೆದರು. ಮೂಲ ಕನ್ನಡದ ಪ್ರತಿ ನಮ್ಮ ಫೈಲಿನಲ್ಲಿ ಉಳಿಯಿತು, ಇಂಗ್ಲಿಷಿನದು ನಂಬರು ಹಾಕಿಸಿಕೊಂಡು ಸೋಮವಾರ ಮೇಲಿನ ಮಹಡಿಗೆ ಹೋಯಿತು. ಮೂರು ದಿನ ಟ್ರೇಸರ್ ಊಟದ ಹೊತ್ತಿನಲ್ಲಿ ಆ ಮುರಿದ ಹಲಗೆಗಳನ್ನು ಜೋಡಿಸಿ ಗೋಡೆಗೆ ಒರಗಿಸುತ್ತಿದ್ದರು. ಅಪ್ಪಣೆ ಬಂದ ದಿನವೇ ಶುರು ಮಾಡಿಬಿಡೋಣ ಅಂತ.

ಗುರುವಾರ ಬೆಳಗ್ಗೆ ಮೇಲಿನಿಂದ ಫೋನ್ ಬಂತು. ಶಾಖಾಧಿಕಾರಿ ಹೋದರು. ಹೋಗುವಾಗ ಕೋಟು ಹಾಕಿರಲಿಲ್ಲ, ಅರ್ಧ ದಾರಿಯಿಂದ ವಾಪಸ್ ಬಂದು ಕೋಟು ಹಾಕಿಕೊಂಡು ಹೋದರು. ಒಂದು ಗಂಟೆ ಬಿಟ್ಟು ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಫೈಲು ತೆಗೆಸಿ ಕನ್ನಡದ ಅರ್ಜಿಯನ್ನು ತೆಗೆದುಕೊಂಡು ಮತ್ತೆ ಮೇಲೆ ಹೋದರು. ಮಧ್ಯಾಹ್ನದ ಹೊತ್ತಿಗೆ ಕಾವಲು ವಿಭಾಗದ ಮುಖ್ಯಸ್ಥರು ನಮ್ಮ ಕೋಣೆಗೇ ಬಂದರು. ಅವರ ಕೈಯಲ್ಲಿ ಆ ಹನ್ನೊಂದು ಸಹಿಗಳ ಪಟ್ಟಿ ಇತ್ತು. ಹಲಗೆ ಒರಗಿಸಿದ್ದ ಮೂಲೆಗೆ ಹೋಗಿ, ನಕ್ಷೆಯಲ್ಲಿ ಚುಕ್ಕೆ ಇದ್ದ ಜಾಗಗಳಲ್ಲಿ ಒಂದೊಂದರಲ್ಲೂ ನಿಂತು ನೋಡಿದರು.

ಆವತ್ತೇ ನನಗೆ ಪದ ಕಂಡಿತು. ಕಾರ್ಬನ್ ಪ್ರತಿ ತೆಗೆದು ಓದಿದೆ. ಹದಿನಾಲ್ಕು ಕಡೆ ಅದೇ ಪದ, ನನ್ನ ಮೆಷಿನ್ನಿನ ಬಾಲ ಮುರಿದ 'ಎ' ಅಕ್ಷರದ ಸಮೇತ. ಎದ್ದು ಮೇಲೆ ಹೋಗಿ, ಇದು ನನ್ನ ಕೆಲಸ, ಅವರ ಪದ ಕೂಟ ಅಂತಲೇ ಇತ್ತು ಅನ್ನಬೇಕು. ಅಷ್ಟೇ. ಹತ್ತು ಮೆಟ್ಟಿಲು. ಯಾಕೆ ಹೋಗಲಿಲ್ಲ? ನಮ್ಮಪ್ಪ ಎದೆ ನೋವಿನವರು, ಪೊಲೀಸರು ಮನೆ ಬಾಗಿಲಿಗೆ ಬಂದು ವಿಚಾರಿಸಿದರೆ ತಡೆಯುವುದಿಲ್ಲ ಅಂದುಕೊಂಡೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೆದರಿಬಿಟ್ಟಿದ್ದೆ. ಜಗಳಗಂಟಿ ಅನ್ನಿಸಿಕೊಂಡವಳು ಕಂಡಕ್ಟರಿಗೆ ಹೆದರದಿದ್ದರೆ ಏನು ದೊಡ್ಡ ಧೈರ್ಯ.

ಶುಕ್ರವಾರ ಒಬ್ಬೊಬ್ಬರನ್ನೇ ಕರೆದರು. ಹೋಗಿ ಬಂದವರು ಕ್ಯಾಂಟೀನಿಗೂ ಹೋಗದೆ ಹಲಗೆಯ ಮೇಲೆ ಬಾಗಿಬಿಟ್ಟರು. ಇಬ್ಬರು, ತಾವು ಏನೆಂದು ಓದದೆ ಸಹಿ ಹಾಕಿದ್ದು ಅಂತ ಬರೆದುಕೊಟ್ಟರಂತೆ. ಒಬ್ಬರು ತಮ್ಮ ಸಹಿ ಹೊಡೆದುಹಾಕಲು ಬಿಡಿ ಅಂತ ಕೇಳಿಕೊಂಡರಂತೆ. ಚಾಚಾ ಹೋಗಿ ಬಂದದ್ದು ಕೊನೆಗೆ. ಅವರನ್ನೂ ನೀನು ಆ ಸಂಘದವನೇ ಅಂತ ಕೇಳಿದರಂತೆ. "ಹುಜೂರ್, ನನ್ನ ಹೆಸರು ಇನ್ನೊಂದ್ ಸಲ ಓದಿ" ಅಂದೆ ಅಂತ ಚಾಚಾ ನಮಗೆ ಹೇಳಿದರು. ಬೇರೆ ದಿನವಾಗಿದ್ದರೆ ಅದಕ್ಕೆ ಕಾರ್ಖಾನೆಯೇ ನಗುತ್ತಿತ್ತು. ಅವತ್ತು ಚಾಚಾ ಸಹಿತ ಯಾರೂ ನಗಲಿಲ್ಲ.

ಟ್ರೇಸರನ್ನು ಮಾತ್ರ ಎರಡು ಸಲ ಕರೆದರು. ಎರಡನೇ ಸಲ ಕರೆದದ್ದು ಶನಿವಾರ, ಅವತ್ತು ಅರ್ಧ ದಿನ ಕೆಲಸ. ಬಸ್ಸಿನಲ್ಲಿ ಅವರು ನನ್ನ ಹಿಂದಿನ ಸೀಟಿನಲ್ಲಿದ್ದರು. ಅವರ ಪಕ್ಕದ ಸೀಟು ಖಾಲಿ. ನಿಂತುಕೊಂಡೇ ಬಂದವರು ಇದ್ದರು, ಅಲ್ಲಿ ಮಾತ್ರ ಯಾರೂ ಕೂರಲಿಲ್ಲ. ನಾನೂ ಎದ್ದು ಹೋಗಿ ಕೂರಲಿಲ್ಲ. ಹಲಸೂರಿನಲ್ಲಿ ಇಳಿಯುವಾಗ ಅವರು, "ಮೇಡಂ, ನೀವೇನೂ ಯೋಚ್ನೆ ಮಾಡ್ಬೇಡಿ, ಸರಿಹೋಗತ್ತೆ" ಅಂದರು. ನನಗೆ ಸಮಾಧಾನ ಹೇಳಿದರು ಆ ಪುಣ್ಯಾತ್ಮ. ಆ ಮಾತಿನ ಒಳಗೇನಿತ್ತು ಅಂತ ಅವತ್ತು ನನಗೆ ಹೊಳೆಯಲಿಲ್ಲ.

ಭಾನುವಾರ ಮನೆಯಲ್ಲೇ ಇದ್ದೆ. ಬೀದಿಯಲ್ಲಿ ಜೀಪಿನ ಸದ್ದಾದರೆ ಅಡುಗೆ ಮನೆಯಿಂದ ಹೊರಗೆ ಬಂದು ನೋಡುತ್ತಿದ್ದೆ. ಅಪ್ಪ, ಏನಾಗಿದೆ ನಿಂಗೆ, ಎರಡು ದಿನದಿಂದ ಯಾರ ಜೊತೆಗೂ ಜಗಳ ಆಡಿಲ್ಲ ಅಂತ ತಮಾಷೆ ಮಾಡಿದರು. ಸೋಮವಾರ, ಮಂಗಳವಾರ ಮೇಲಿನಿಂದ ಯಾವ ಸುದ್ದಿಯೂ ಇಲ್ಲ. ಯಾರನ್ನೂ ಕರೆಯಲಿಲ್ಲ. ಪರ್ಮನೆಂಟ್ ಪಟ್ಟಿಯ ಕಾಗದಗಳು ಬುಧವಾರ ಬರುತ್ತವೆ ಅಂತ ಗೊತ್ತಿತ್ತು. ಆ ಸುಮ್ಮನಿರುವಿಕೆಯನ್ನು ನಾನು ಬೇರೆ ಥರ ಓದಿದೆ. ಒಳಗೊಳಗೇ ಏನೋ ನಡೀತಿದೆ, ಬುಧವಾರ ಆ ಕಾಗದದ ಬದಲು ಜೀಪು ಬರುತ್ತದೆ, ನನ್ನಿಂದ ಒಬ್ಬ ಮನುಷ್ಯ ಹಾಳಾಗುತ್ತಾನೆ ಅಂದುಕೊಂಡೆ. ಬುಧವಾರ ಬೆಳಗ್ಗೆ, ಯಾರಿಗೂ ಹೇಳದೆ, ಚಾಚಾಗೂ ಹೇಳದೆ, ಆ ಹತ್ತು ಮೆಟ್ಟಿಲು ಹತ್ತಿದೆ.

ಆಡಳಿತಾಧಿಕಾರಿ ಕೆಟ್ಟ ಮನುಷ್ಯರಲ್ಲ. ಕೂತ್ಕೊಳ್ಳಿ ಅಂದರು. ಅವರ ಮೇಜಿನ ಎಡಗಡೆ ಒಂದು ಫೈಲು ಇತ್ತು, ದಾರ ಕಟ್ಟಿ, ಮೇಲೆ ಹಸಿರು ಶಾಯಿಯಲ್ಲಿ ಏನೋ ಬರೆದಿದ್ದರು. ನಾನು ನಿಂತುಕೊಂಡೇ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ ಹೇಳಿದೆ. ಆ ಇಂಗ್ಲಿಷ್ ಅರ್ಜಿ ನನ್ನದು ಸಾರ್, ಪದ ನಾನು ಹಾಕಿದ್ದು, ಅವರು ಕೂಟ ಅಂತ ಬರೆದಿದ್ದರು, ಅದು ನಿಮಗೆ ಕುತ್ತಾ ಅಂತ ಕಾಣುತ್ತದೆ ಅಂತ ನಾನು ಬದಲಾಯಿಸಿದೆ, ಶಾಖೆ ಅಂದರೆ ನಮ್ಮಲ್ಲಿ ಬರೀ ವಿಭಾಗ, ಆ ಮನುಷ್ಯನಿಗೆ ಇಂಗ್ಲಿಷೇ ಬರುವುದಿಲ್ಲ.

ಅವರು ನಗಲಿಲ್ಲ. ಆಮೇಲೆ, "ಟೈಪ್ ಮಾಡಿದ್ದೂ ನೀವೇನಾ?" ಅಂತ ಕೇಳಿದರು. ಹೌದು ಅಂದೆ. ನಿಮ್ಮ ಮೆಷಿನ್ನಿನಲ್ಲಾ ಅಂದರು. ಹೌದು ಸಾರ್, ಬೇಕಾದರೆ ನೋಡಿ, 'ಎ' ಅಕ್ಷರದ ಬಾಲ ಮುರಿದಿದೆ ಅಂದೆ. ಸತ್ಯ ಹೇಳುವ ಹುಮ್ಮಸ್ಸು ಬಂದುಬಿಟ್ಟಿತ್ತು ನನಗೆ, ಕೇಳದ್ದಕ್ಕೂ ಸಾಕ್ಷಿ ಕೊಡುತ್ತಿದ್ದೆ.

ಅವರು ಫೈಲನ್ನು ಮುಂದಕ್ಕೆ ಎಳೆದುಕೊಂಡು ದಾರ ಬಿಚ್ಚಿದರು. ಮೇಲಿದ್ದ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಟ್ರೇಸರ್ ಶನಿವಾರ ಬರೆದುಕೊಟ್ಟ ಹೇಳಿಕೆ, ನಮ್ಮ ಶಾಖಾಧಿಕಾರಿ ಇಂಗ್ಲಿಷ್ ತಿದ್ದಿ ಸಾಕ್ಷಿಗೆ ಸಹಿ ಹಾಕಿದ್ದು. ಅದರಲ್ಲಿ ಹೀಗಿತ್ತು. "ಅರ್ಜಿಯನ್ನು ಇಂಗ್ಲಿಷಿಗೆ ತಂದವನು ನಾನೇ. ಊಟದ ಹೊತ್ತಿನಲ್ಲಿ ಆಫೀಸಿನ ಮೆಷಿನ್ನಿನಲ್ಲಿ ನಾನೇ ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದೆ. ಬೇರೆ ಯಾರಿಗೂ ಇದರಲ್ಲಿ ಸಂಬಂಧವಿಲ್ಲ. ಕೂಟ ಅನ್ನುವ ಪದ ಸಾಹೇಬರಿಗೆ ನಾಯಿ ಅಂತ ಕೇಳಿಸೀತು ಅಂತ ಹೆದರಿ ಶಾಖಾ ಅಂತ ಹಾಕಿದೆ, ಕ್ಷಮಿಸಬೇಕು." ನನ್ನದೇ ತಮಾಷೆ. ಅವರ ಬಾಯಲ್ಲಿ ಅದು ತಪ್ಪೊಪ್ಪಿಗೆಯಾಗಿತ್ತು.

ಅಧಿಕಾರಿ ನಿಧಾನವಾಗಿ ಹೇಳಿದರು. ಇದನ್ನು ಓದಿ ನಾನೂ ನಕ್ಕೆ, ಕಾವಲಿನವರೂ ನಕ್ಕರು. ಸೋಮವಾರವೇ ಇದನ್ನು ಮುಗಿಸಿ ಕಟ್ಟಿಟ್ಟೆ. ಇವತ್ತು ಮಧ್ಯಾಹ್ನ ಅವನ ಪರ್ಮನೆಂಟ್ ಕಾಗದಕ್ಕೆ ಸಹಿ ಹಾಕುವವನಿದ್ದೆ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದು ಮಾತು ಕೇಳಿದರು.

"ಹಾಗಾದರೆ ಅವನು ಬರೆದುಕೊಟ್ಟಿರುವುದು ಸುಳ್ಳು, ಅಲ್ಲವೇ?"

ಇಲ್ಲ ಸಾರ್, ನನ್ನನ್ನು ಉಳಿಸಲು ಹಾಗೆ ಬರೆದಿದ್ದಾರೆ ಅಂದೆ. ಅದನ್ನೇ ನಾನೂ ಹೇಳುತ್ತಿರುವುದು ಅಂದರು. ನಾನು ಹೇಳಿದ್ದನ್ನು ಮರೆತುಬಿಡಿ ಸಾರ್ ಅಂದೆ. ನೀವು ಬಂದದ್ದನ್ನು ಹೊರಗೆ ಕೂತವರು ನೋಡಿದ್ದಾರೆ, ಯಾಕೆ ಬಂದಿದ್ದರು ಅಂತ ಕಾವಲಿನವರು ಸಂಜೆಯೊಳಗೆ ನನ್ನನ್ನು ಕೇಳುತ್ತಾರೆ, ನನ್ನ ಮೇಲೂ ಕೇಳುವವರಿದ್ದಾರೆ ಅಂದರು. ಕಾಲ ಹೇಗಿದೆ ನಿಮಗೆ ಗೊತ್ತಿದೆ. ಒಂದು ವಿಷಯದಲ್ಲಿ ಸುಳ್ಳು ಬರೆದುಕೊಟ್ಟವನು ಸಂಘದ ವಿಷಯದಲ್ಲಿ ನಿಜ ಹೇಳಿದ್ದಾನೆ ಅಂತ ನಾನು ಹೇಗೆ ಬರೆಯಲಿ? ಹಸಿರು ಶಾಯಿಯಲ್ಲಿ ಬರೆದದ್ದರ ಮೇಲೆ ಒಂದು ಗೆರೆ ಎಳೆದರು. ಟ್ರೇಸರ್ ಎಳೆದ ಗೆರೆಯಷ್ಟೇ ನೇರವಾಗಿತ್ತು ಅದು.

ಕೆಳಗೆ ಬಂದು ಚಾಚಾ ಎದುರು ಕೂತೆ. ಏನು ಮಾಡಿದೆ ಅಂತ ಹೇಳಿದೆ. ಚಾಚಾ ಮೆಷಿನ್ ಆಫ್ ಮಾಡಿದರು. ಅವರಿಗೆ ಶನಿವಾರದಿಂದ ಎಲ್ಲ ಗೊತ್ತಿತ್ತಂತೆ, ಶಾಖಾಧಿಕಾರಿಗೂ ಗೊತ್ತಿತ್ತಂತೆ. ಆ ಟ್ರೇಸರಿಗೆ ಟೈಪಿಂಗ್ ಬರುವುದಿಲ್ಲ ಅಂತ ಗೊತ್ತಿದ್ದೇ ಶಾಖಾಧಿಕಾರಿ ತಲೆಯಾಡಿಸಿ ಸಹಿ ಹಾಕಿದ್ದರು. ಯಾಕೆ ನನಗೆ ಹೇಳಲಿಲ್ಲ ಅಂತ ಚಾಚಾ ಮೇಲೆ ರೇಗಿದೆ. ಚಾಚಾ ಬಹಳ ಮೆತ್ತಗೆ ಹೇಳಿದರು, "ಅವನೇ ಬೇಡ ಅಂದ ಬೇಟಿ. ಮೇಡಂಗೆ ಗೊತ್ತಾದ್ರೆ ಸುಮ್ನೆ ಇರೋದಿಲ್ಲ, ಮೇಲೆ ಹೋಗಿ ಜಗಳ ಮಾಡ್ತಾರೆ ಅಂದ."

ಪರ್ಮನೆಂಟ್ ಕಾಗದಗಳು ಮಧ್ಯಾಹ್ನ ಬಂದವು. ಒಂದು ಕಡಿಮೆ ಇತ್ತು. ಶನಿವಾರ ಟ್ರೇಸರ್‌ಗೆ ಬೇರೆ ಕಾಗದ ಬಂತು, ಎರಡೇ ಸಾಲಿನದ್ದು. ಅವರ ಸೇವೆ ಇನ್ನು ಅಗತ್ಯವಿಲ್ಲ ಅಂತ ಇತ್ತು, ಕಾರಣ ಇರಲಿಲ್ಲ. ಟೆಂಪರರಿಯವರಿಗೆ ಕಾರಣ ಹೇಳಬೇಕಾಗಿರಲಿಲ್ಲ. ಅದನ್ನು ಮೇಲಿನ ಮಹಡಿಯಲ್ಲೇ ಟೈಪು ಮಾಡಿಸಿದ್ದರು, ಅಷ್ಟರಮಟ್ಟಿಗೆ ಆ ಅಧಿಕಾರಿ ನನಗೆ ದಯೆ ತೋರಿಸಿದರು. ಹುಷಾರಾಗಿ ಕೆಲಸ ಮಾಡಿ ಅಂತ ನನಗೆ ಬಾಯಿಮಾತಿನ ಎಚ್ಚರಿಕೆ ಸಿಕ್ಕಿತು. ಟ್ರೇಸರ್ ತಮ್ಮ ಪೆನ್ನುಗಳನ್ನು ತೊಳೆದು, ಒರೆಸಿ, ಡಬ್ಬಿಗೆ ಹಾಕಿಕೊಂಡು, ಎಲ್ಲರಿಗೂ ಕೈಮುಗಿದು ಹೋದರು. ನನ್ನ ಮೇಜಿನ ಹತ್ತಿರ ಬರುವ ಹೊತ್ತಿಗೆ ನಾನು ಟಪಾಲಿನ ನೆಪ ಮಾಡಿಕೊಂಡು ಹೊರಗೆ ಹೋಗಿದ್ದೆ.

ಒಂದೂವರೆ ವರ್ಷ ಕಳೆದು ಆ ಕಾಲ ಮುಗಿಯಿತು. ಬಸ್ಸಿನಲ್ಲಿ ಮಾತು ವಾಪಸ್ ಬಂತು, ಪೇಪರೂ ಬಂತು. ಹೊಸ ಆಡಳಿತಾಧಿಕಾರಿಯೊಬ್ಬರು ಬಂದು ನೌಕರರ ಆರೋಗ್ಯಕ್ಕೆ ಅಂತ ಒಂದು ವ್ಯಾಯಾಮದ ಮೂಲೆ ಮಂಜೂರು ಮಾಡಿದರು. ಹನ್ನೆರಡು ಅಡಿ, ಹತ್ತು ಅಡಿ. ನಾರಿನ ಚಾಪೆ, ಗೋಡೆಗೆ ಕಂಬಿ, ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ, ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಹಳೆ ಫೈಲಿನಿಂದಲೇ ಎತ್ತಿದ್ದು ಅಂತ ಗೊತ್ತಾಗುತ್ತಿತ್ತು. ಆದೇಶವನ್ನು ನಾನೇ ಟೈಪು ಮಾಡಿದೆ. ಆ ಮೂಲೆಗೆ ನಾನು ಒಂದು ದಿನವೂ ಕಾಲಿಡಲಿಲ್ಲ.

ಅದಾದ ಮೇಲೆ ಒಂದು ಸಂಜೆ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ, ಮೇಡಂ ಅಂತ ಯಾರೋ ಕರೆದರು. ಅವರೇ. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು, ಕಂಕುಳಲ್ಲಿ ಸುತ್ತಿದ ನಕ್ಷೆಗಳು. ಮನೆ ಕಟ್ಟಿಸುವವರಿಗೆ ಪ್ಲಾನ್ ಟ್ರೇಸ್ ಮಾಡಿಕೊಡುತ್ತೇನೆ ಅಂದರು. ಮನೆಯವರು ಹೇಗಿದ್ದಾರೆ ಅಂತ ಕೇಳಿದೆ. ಕೇಳಬಾರದಿತ್ತು. "ಕಳಿಸ್ಲೇ ಇಲ್ಲ ಮೇಡಂ. ಆಮೇಲೆ ಬಿಡುಗಡೆ ಪತ್ರ ಬರೆಸ್ಕೊಂಡು ಬೇರೆ ಕಡೆ ಮಾಡ್ಕೊಟ್ರು" ಅಂದು, ಬಸ್ಸು ಬಂತಾ ಅಂತ ಆ ಕಡೆ ನೋಡಿದರು.

ಅವರು ನಕ್ಷೆಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು. ಎಲ್ಲ ಮುಗಿದಿತ್ತು ಮೇಡಂ, ಯಾರೋ ಮೇಲೆ ಹೋಗಿ ಹೇಳಿಬಿಟ್ಟರಂತೆ, ಯಾರು ಅಂತ ಗೊತ್ತಾಗಲೇ ಇಲ್ಲ ಅಂದರು. ಚಾಚಾ ಹೇಳಿರಲಿಲ್ಲ. ಅಲ್ಲೇ ಹೇಳಿಬಿಡಬೇಕಿತ್ತು. ನಾಲಿಗೆ ತುದಿಯವರೆಗೆ ಬಂತು. ಅವರು ನನ್ನ ಮುಖ ನೋಡಿ, "ನಿಮಗೇನೂ ತೊಂದ್ರೆ ಆಗ್ಲಿಲ್ವಲ್ಲ ಮೇಡಂ? ಅದೊಂದೇ ಯೋಚ್ನೆ ಇತ್ತು ನಂಗೆ" ಅಂದರು.

ಇಲ್ಲ ಅಂದೆ. ಅವರಿಗೆ ನಿಜವಾಗಿಯೂ ಸಮಾಧಾನವಾಯಿತು, ಮುಖದಲ್ಲಿ ಕಾಣಿಸಿತು. ಅವರ ಬಸ್ಸು ಬಂತು. ನಕ್ಷೆಗಳು ಮುದುರದ ಹಾಗೆ ಎತ್ತಿ ಹಿಡಿದುಕೊಂಡು ಫುಟ್‌ಬೋರ್ಡು ಹತ್ತಿ, ಅಲ್ಲಿಂದಲೇ ತಿರುಗಿ, ಕತ್ತಿನ ವ್ಯಾಯಾಮ ಬಿಡಬೇಡಿ ಅಂದರು. ಬಿಡುವುದಿಲ್ಲ ಅಂತ ತಲೆಯಾಡಿಸಿದೆ. ಬಿಟ್ಟು ಆಗಲೇ ಮೂರು ವರ್ಷವಾಗಿತ್ತು.